ಹುರುಳಿ ಮೊಳಕೆ: ಯಾವ ನೀರು ಚೆಲ್ಲಬೇಕು, ಯಾವುದನ್ನು ಉಳಿಸಬೇಕು

ಹುರುಳಿಯನ್ನು ಮೊಳಕೆ ಕಟ್ಟಿದರೆ ಪ್ರೋಟೀನ್ ಹೆಚ್ಚುತ್ತದೆ ಎಂದು ಅನೇಕರು ನಂಬಿದ್ದಾರೆ. ತಕ್ಕಡಿ ಅದನ್ನು ಒಪ್ಪುವುದಿಲ್ಲ. 200 ಗ್ರಾಂ ಒಣ ಹುರುಳಿಯಲ್ಲಿ ಸುಮಾರು 44 ಗ್ರಾಂ ಪ್ರೋಟೀನ್ ಇರುತ್ತದೆ. ನೆನೆದು ಮೊಳಕೆಯೊಡೆದ ಮೇಲೆ ಅದೇ ಕಾಳು 400 ಗ್ರಾಂ ದಾಟುತ್ತದೆ, ಆದರೆ ಪ್ರೋಟೀನ್ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ತೂಕವನ್ನು ಹೆಚ್ಚಿಸಿದ್ದು ನೀರು. ಹಾಗಾಗಿ 100 ಗ್ರಾಂ ಮೊಳಕೆಕಾಳಿನಲ್ಲಿ ಸಿಗುವುದು ಹತ್ತು ಗ್ರಾಂ ಆಸುಪಾಸು. ಬದಲಾಗುವುದು ಪ್ರೋಟೀನಿನ ಪ್ರಮಾಣವಲ್ಲ, ಅದರಲ್ಲಿ ಎಷ್ಟನ್ನು ನಮ್ಮ ಹೊಟ್ಟೆ ಬಿಡಿಸಿಕೊಳ್ಳಬಲ್ಲದು ಎಂಬುದು.

ಹಸಿ ಹುರುಳಿಯಲ್ಲಿ ನಮ್ಮ ಜೀರ್ಣರಸದ ಟ್ರಿಪ್ಸಿನ್ ಎಂಬ ಕಿಣ್ವವನ್ನು ಕಟ್ಟಿಹಾಕುವ ಪದಾರ್ಥವಿದೆ. ಸಿಪ್ಪೆಯಲ್ಲಿರುವ ಒಗರು, ಅಂದರೆ ಟ್ಯಾನಿನ್, ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಇವೆರಡಲ್ಲದೆ ರಾಫಿನೋಸ್, ಸ್ಟಾಕಿಯೋಸ್ ಎಂಬ ಸಕ್ಕರೆಗಳೂ ಇವೆ. ಅವನ್ನು ಒಡೆಯುವ ಕಿಣ್ವ ನಮ್ಮ ಸಣ್ಣ ಕರುಳಿನಲ್ಲಿ ಇಲ್ಲದ ಕಾರಣ ಅವು ದೊಡ್ಡ ಕರುಳಿಗೆ ಇಳಿದು, ಅಲ್ಲಿನ ಬ್ಯಾಕ್ಟೀರಿಯಾಗಳ ಪಾಲಾಗಿ ವಾಯು ಹುಟ್ಟಿಸುತ್ತವೆ.

ಮೊದಲು ಕಲ್ಲು ಆರಿಸಿ, ಎರಡು ಸಲ ತೊಳೆದು, ಒಂದು ಪಾಲು ಕಾಳಿಗೆ ನಾಲ್ಕು ಪಾಲು ನೀರು ಹಾಕಿ ಹತ್ತು ಹನ್ನೆರಡು ಗಂಟೆ ನೆನೆಸಿ. ಬೆಳಿಗ್ಗೆ ನೀರು ಕಂದುಬಣ್ಣಕ್ಕೆ ತಿರುಗಿರುತ್ತದೆ. ಆ ಬಣ್ಣದ ಜೊತೆಗೆ ಸಿಪ್ಪೆಯ ಒಗರಿನ ಒಂದಂಶವೂ ವಾಯು ಹುಟ್ಟಿಸುವ ಸಕ್ಕರೆಯ ಒಂದಂಶವೂ ಹೊರಬಂದಿರುತ್ತವೆ. ಈ ನೀರನ್ನು ಚೆಲ್ಲಿಬಿಡಿ, ಪ್ರೋಟೀನ್ ಹೋಗುತ್ತದೆಂದು ಹೆದರಬೇಕಾಗಿಲ್ಲ. ತಣ್ಣೀರಿಗೆ ಇಳಿಯುವ ಪ್ರೋಟೀನ್ ಬಹಳ ಕಡಿಮೆ. ಕೆಲವು ಕಾಳು ಊದದೆ ಗಟ್ಟಿಯಾಗಿಯೇ ಉಳಿದಿರುತ್ತವೆ. ಅವು ಮೊಳೆಯುವುದೂ ಇಲ್ಲ, ಸರಿಯಾಗಿ ಬೇಯುವುದೂ ಇಲ್ಲ, ಈಗಲೇ ಆರಿಸಿ ತೆಗೆಯುವುದು ಹಲ್ಲಿಗೆ ಒಳ್ಳೆಯದು.

ಕಾಳನ್ನು ತೆಳು ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ, ನೀರು ಬಸಿಯುವಂತೆ ತೂಗುಹಾಕಿ. ಬೇಸಿಗೆಯಲ್ಲಿ 24 ಗಂಟೆ, ಮಳೆಗಾಲದ ಚಳಿಯಲ್ಲಿ 36 ಗಂಟೆ ಬೇಕು. ಸಸಿಯಾಗಲು ಹೊರಟ ಕಾಳಿಗೆ ಶಕ್ತಿ ಬೇಕಲ್ಲ, ಅದು ಮೊದಲು ಕೈಹಾಕುವುದು ರಾಫಿನೋಸ್ ಗುಂಪಿನ ಸಕ್ಕರೆಗೇ. ನಮ್ಮಲ್ಲಿಲ್ಲದ ಕಿಣ್ವ ಕಾಳಿನಲ್ಲಿದೆ. ಕೂಡಿಟ್ಟ ಪ್ರೋಟೀನಿನ ಸ್ವಲ್ಪ ಭಾಗವೂ ಈ ಹೊತ್ತಿಗೆ ಚಿಕ್ಕ ತುಂಡುಗಳಾಗಿ ಒಡೆಯತೊಡಗುತ್ತದೆ. ಮೊಳಕೆ ಒಂದು ಸೆಂಟಿಮೀಟರ್ ಆದರೆ ನಮ್ಮ ಕೆಲಸಕ್ಕೆ ಸಾಕು. ಅದಕ್ಕಿಂತ ಉದ್ದ ಬಿಟ್ಟರೆ ಬೇರು ನಾರಾಗುತ್ತದೆ, ರುಚಿಯೂ ಕೆಡುತ್ತದೆ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು, ಬಟ್ಟೆಯನ್ನು ಬಿಗಿಯಾಗಿ ಕಟ್ಟಿ ಡಬ್ಬಿಯೊಳಗೆ ಮುಚ್ಚಿಡುವುದು. ಗಾಳಿ ಸಿಗದೆ ಕಾಳು ಬಿಸಿಯಾಗಿ, ಲೋಳೆಗಟ್ಟಿ, ಹುಳಿವಾಸನೆ ಬರುತ್ತದೆ. ಅಂಥದ್ದನ್ನು ತೊಳೆದು ಉಳಿಸಿಕೊಳ್ಳಲು ನೋಡಬೇಡಿ, ಎಸೆಯಿರಿ. ಹನ್ನೆರಡು ಗಂಟೆಗೊಮ್ಮೆ ಗಂಟು ಬಿಚ್ಚಿ ತೊಳೆದು ಮತ್ತೆ ಕಟ್ಟಿದರೆ ಈ ತೊಂದರೆ ಬಾರದು. ಕಾಳಿಗೆ ಹಿತವಾದ ಬೆಚ್ಚನೆಯ ತೇವ ಬ್ಯಾಕ್ಟೀರಿಯಾಗಳಿಗೂ ಹಿತವೇ. ಹಾಗಾಗಿ ಮೊಳಕೆಯನ್ನು ಹಸಿಯಾಗಿ ತಿನ್ನುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಹಸಿಯಾಗಿ ತಿಂದರೆ ಟ್ರಿಪ್ಸಿನ್ ತಡೆಯುವ ಪದಾರ್ಥವೂ ಬಹುಪಾಲು ಹಾಗೆಯೇ ಹೊಟ್ಟೆ ಸೇರುತ್ತದೆ. ನೆನೆಸುವುದರಿಂದಲೂ ಮೊಳಕೆಯಿಂದಲೂ ಅದು ತಕ್ಕಮಟ್ಟಿಗೆ ಮಾತ್ರ ತಗ್ಗುತ್ತದೆ, ನಿಜವಾಗಿ ಅದನ್ನು ಅಡಗಿಸುವುದು ಬೆಂಕಿ.

ಅದರಲ್ಲೂ ಹುರುಳಿಯಲ್ಲಿರುವ ಈ ಪದಾರ್ಥ ಬಿಸಿಗೆ ಬೇಗ ಬಗ್ಗುವ ಜಾತಿಯದಲ್ಲ. ಬೆಂಗಳೂರಿನ ಎತ್ತರದಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಯಲ್ಲೇ ಕುದಿಯುತ್ತದೆ. ಕುಕ್ಕರಿನೊಳಗೆ ಉಷ್ಣತೆ 120 ಡಿಗ್ರಿಯ ಹತ್ತಿರ ಹೋಗುತ್ತದೆ. ಮೊಳಕೆಕಾಳು ಮುಳುಗಿ ಎರಡು ಬೆರಳು ಮೇಲೆ ನಿಲ್ಲುವಷ್ಟು ನೀರು ಹಾಕಿ, ಮೊದಲ ಕೂಗಿನ ನಂತರ ಉರಿ ತಗ್ಗಿಸಿ ಹತ್ತು ನಿಮಿಷ ಬೇಯಿಸಿ, ಒತ್ತಡ ತಾನಾಗಿ ಇಳಿಯಲು ಬಿಡಿ. ಕೂಗಿನ ಲೆಕ್ಕ ಉರಿಗೆ ತಕ್ಕಂತೆ ಬದಲಾಗುತ್ತದೆ, ಗಡಿಯಾರ ಹಾಗಲ್ಲ. ಮುಚ್ಚಳ ತೆಗೆದ ಮೇಲೆ ಒಂದು ಕಾಳನ್ನು ಬೆರಳುಗಳ ನಡುವೆ ಹಿಸುಕಿ ನೋಡಿ. ನಡುವೆ ಬಿಳಿ ಪುಡಿಯಂಥ ತಿರುಳು ಕಂಡರೆ ಪಿಷ್ಟಕ್ಕೆ ಇನ್ನೂ ನೀರು ಹಿಡಿದಿಲ್ಲ, ಹೊಟ್ಟೆಗೂ ಅದು ಪೂರ್ತಿ ದಕ್ಕುವುದಿಲ್ಲ. ಇನ್ನೈದು ನಿಮಿಷ ಇಡಿ.

ಹುಣಸೆಹಣ್ಣನ್ನು ಬೆಂದ ಮೇಲೆಯೇ ಹಾಕಬೇಕು, ಹುಳಿ ಸೇರಿದರೆ ಕಾಳು ಮೆತ್ತಗಾಗಲು ಸತಾಯಿಸುತ್ತದೆ. ಬೋರ್‌ವೆಲ್ಲಿನ ಗಡಸು ನೀರೂ ಅದೇ ಕಾಟ ಕೊಡುತ್ತದೆ. ಅದಕ್ಕೆಂದು ಸೋಡಾ ಹಾಕಿದರೆ ಕಾಳೇನೋ ಬೇಗ ಬೇಯುತ್ತದೆ, ಜೊತೆಗೆ ಬಿ1 ಜೀವಸತ್ವವೂ ನಾಶವಾಗುತ್ತದೆ.

ಬೆಂದ ಕಾಳನ್ನು ಬಸಿದಾಗ ಬರುವ ಕಟ್ಟನ್ನು ಮಾತ್ರ ಚೆಲ್ಲಬೇಡಿ. ವಾಯುವಿನ ಸಕ್ಕರೆಯ ಹೆಚ್ಚಿನ ಪಾಲನ್ನು ಮೊಳಕೆ ಆಗಲೇ ತಿಂದು ಮುಗಿಸಿದೆ. ಈ ಬಿಸಿನೀರಿಗೆ ಇಳಿದಿರುವುದು ಕರಗಿದ ಪ್ರೋಟೀನ್, ಒಂದಿಷ್ಟು ಪಿಷ್ಟ, ಖನಿಜಗಳು. ಹುರುಳಿ ಕಟ್ಟಿನ ಸಾರು ಮಾಡುವ ಮನೆಗಳಲ್ಲಿ ಇದು ನಷ್ಟವಾಗುವುದೇ ಇಲ್ಲ. ಆ ಸಾರಿಗೆ ರಾಗಿಮುದ್ದೆ ಜೊತೆಯಾದರೆ, ಹುರುಳಿಯಲ್ಲಿ ಕಡಿಮೆ ಇರುವ ಮೆಥಿಯೋನಿನ್ ಎಂಬ ಅಮೈನೋ ಆಮ್ಲ ರಾಗಿಯಿಂದ ಬರುತ್ತದೆ, ರಾಗಿಗೆ ಸಾಲದ ಲೈಸಿನ್ ಹುರುಳಿಯಿಂದ.