ಒಂದೇ ರೋಗಿ, ಮೂರು ತೂಕ: ಐಸಿಯು ಫೀಡ್ ಲೆಕ್ಕದಲ್ಲಿ ನನ್ನ ಅನುಭವ

"98 ಕಿಲೋ ಹೆಂಗಸಿಗೆ 1,200 ಕ್ಯಾಲರಿ? ಮೇಡಂ, ಉಪವಾಸ ಹಾಕ್ತೀರೇನು?" ಅಂತ ಡ್ಯೂಟಿ ಡಾಕ್ಟರ್ ನಕ್ಕರು. ಪಕ್ಕದಲ್ಲಿದ್ದ ಸಿಸ್ಟರ್ ಕೂಡ ನಕ್ಕರು. ನಾನು ಬಳ್ಳಾರಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಡಯಟೀಷಿಯನ್. ಹದಿಮೂರೋ ಹದಿನಾಲ್ಕೋ ವರ್ಷ ಆಯಿತು. ಆ ನಗು ನನಗೆ ಹೊಸದಲ್ಲ. ಆದರೆ ಆ ರೋಗಿ ಆದಮೇಲೆ ನಮ್ಮ ಐಸಿಯುನಲ್ಲಿ ಯಾರೂ ನಕ್ಕಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ನನ್ನದೇ ತಪ್ಪು ಹೇಳಿಬಿಡುತ್ತೇನೆ. ಐದಾರು ವರ್ಷ ನಾನು ದಪ್ಪ ಇರುವ ಎಲ್ಲರಿಗೂ ಅಡ್ಜಸ್ಟೆಡ್ ತೂಕ ಒಂದನ್ನೇ ಹಾಕುತ್ತಿದ್ದೆ. ಐಡಿಯಲ್ ತೂಕಕ್ಕೆ ಹೆಚ್ಚುವರಿ ತೂಕದ ಕಾಲು ಭಾಗ ಸೇರಿಸು, ಬಂದದ್ದನ್ನು ಯಾವ ಸೂತ್ರ ಕಂಡರೂ ಅದಕ್ಕೆ ತುಂಬು. ಸುಲಭ, ಅಲ್ವಾ? ಕ್ಯಾಲರಿಗೂ ಅದೇ, ಪ್ರೋಟೀನಿಗೂ ಅದೇ. ಒಬ್ಬ ಲಾರಿ ಡ್ರೈವರ್ ಮೂರು ವಾರ ವೆಂಟಿಲೇಟರಿನಲ್ಲಿದ್ದ. ಹೊಟ್ಟೆ ಹಾಗೇ ಇತ್ತು, ತೋಳು ಮಾತ್ರ ಕಡ್ಡಿಯಾದವು. ವಾರ್ಡಿಗೆ ಹೋದಮೇಲೆ ಒಂದು ಲೋಟ ಎತ್ತಲೂ ಅವನಿಗೆ ಆಗಲಿಲ್ಲ. ಕಾಯಿಲೆಯೇ ಹಾಗೆ ಅಂತ ಎಲ್ಲರೂ ಅಂದರು. ನನಗೆ ಮಾತ್ರ ನನ್ನ ಚೀಟಿಯ ಮೇಲೆ ಅನುಮಾನ ಬಂತು.

ಈಗ ಈ ರೋಗಿ. 48 ವರ್ಷ, ಸಕ್ಕರೆ ಕಾಯಿಲೆ, ಜೋರು ನ್ಯುಮೋನಿಯಾ, ವೆಂಟಿಲೇಟರ್, ಫೀಡ್ ಹಾಕಲು ಮೂಗಿನಿಂದ ಹೊಟ್ಟೆಗೆ ಇಳಿಸಿದ ರೈಲ್ಸ್ ಟ್ಯೂಬ್. ನಾನು ರಜೆ ಮುಗಿಸಿ ಬಂದಾಗ ಐದನೇ ದಿನ. ಚಾರ್ಟಿನಲ್ಲಿ ಕಿಲೋಗೆ 25ರಂತೆ ಪೂರ್ತಿ ತೂಕಕ್ಕೆ ಹಾಕಿ 2,450 ಕ್ಯಾಲರಿ ಬರೆದಿದ್ದರು. ಸಕ್ಕರೆ 280ರ ಆಸುಪಾಸು, ಇನ್ಸುಲಿನ್ ಗಂಟೆಗೆ 7-8 ಯೂನಿಟ್. ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರುತ್ತಿತ್ತು, ವೆಂಟಿಲೇಟರ್ ಸೆಟ್ಟಿಂಗ್ ಇಳಿಸಲು ಆಗುತ್ತಿರಲಿಲ್ಲ. ಜಾಸ್ತಿ ತಿನ್ನಿಸಿದರೆ ಹೀಗೆಯೇ ಕಾಣುವುದು.

ಲೆಕ್ಕಕ್ಕಿಂತ ಮೊದಲು ಟೇಪ್ ಹಿಡಿದೆ. ಕೇಸ್ ಶೀಟಿನಲ್ಲಿ ಎತ್ತರ 165 ಸೆಂಟಿಮೀಟರ್ ಅಂತ ಇತ್ತು. ಯಾರೋ ಕಣ್ಣಳತೆಯಲ್ಲಿ ಬರೆದಿದ್ದರು. ಹಾಸಿಗೆಯನ್ನು ಚಪ್ಪಟೆ ಮಾಡಿ, ತಲೆಗೊಂದು ಹಿಮ್ಮಡಿಗೊಂದು ರಟ್ಟು ಒತ್ತಿ ಅಳೆದರೆ 150. ಹದಿನೈದು ಸೆಂಟಿಮೀಟರ್ ವ್ಯತ್ಯಾಸ! ಐಡಿಯಲ್ ತೂಕ ಪೂರ್ತಿ ಎತ್ತರದ ಮೇಲೇ ನಿಂತಿರುವುದರಿಂದ ಇಲ್ಲಿ ತಪ್ಪಿದರೆ ಪ್ರೋಟೀನ್ ದಿನಕ್ಕೆ 25 ಗ್ರಾಂ ಅತ್ತಿತ್ತ ಆಗುತ್ತದೆ. ತೂಕದ ಕಥೆಯೂ ಹಾಗೇ. ಹಾಸಿಗೆ ತೂಕದ ಯಂತ್ರ ನಮ್ಮಲ್ಲಿಲ್ಲ, ಮೈಯೆಲ್ಲಾ ನೀರು ತುಂಬಿ ಊದಿತ್ತು. ಮಗನಿಗೆ ಹೇಳಿ ಹಳೆಯ ಸಕ್ಕರೆ ಚೆಕಪ್ಪಿನ ಚೀಟಿ ತರಿಸಿದೆ. ಎರಡು ತಿಂಗಳ ಹಿಂದೆ 98 ಕಿಲೋ. ಅದನ್ನೇ ಹಿಡಿದೆ. ಬಿಎಂಐ, ಅಂದರೆ ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿದ್ದು, 43 ಮತ್ತು ಚಿಲ್ಲರೆ.

ಐಡಿಯಲ್ ತೂಕಕ್ಕೆ ಎಲ್ಲರೂ ಹಾಮ್ವಿ ಸೂತ್ರ ಹಾಕುತ್ತಾರೆ. ಹೆಂಗಸರಿಗೆ ಐದು ಅಡಿಗೆ 45.5 ಕಿಲೋ, ಮೇಲಿನ ಪ್ರತಿ ಇಂಚಿಗೆ ಎರಡು ಚಿಲ್ಲರೆ ಕಿಲೋ. ನಮ್ಮ ಕಡೆ ಅರ್ಧ ಹೆಂಗಸರು ಐದು ಅಡಿ ದಾಟುವುದಿಲ್ಲ. ಆಗ ಇಂಚಿಗೆ ಕಳೆಯುತ್ತಾ ಹೋಗಬೇಕು, ತೀರಾ ಕಮ್ಮಿ ಬರುತ್ತದೆ. ಈಕೆಗೆ 43 ಬಂತು. ನಾನು ಅದನ್ನು ಬಿಟ್ಟು ಬಿಎಂಐ 22 ಇದ್ದರೆ ಎಷ್ಟು ತೂಕವೋ ಅದನ್ನು ಹಾಕುತ್ತೇನೆ. ಎತ್ತರ ಒಂದೂವರೆ ಮೀಟರ್, ಅದರ ವರ್ಗ 2.25, ಇಂಟು 22. ಸುಮಾರು 50 ಕಿಲೋ. ಅಡ್ಜಸ್ಟೆಡ್ ತೂಕ 50ಕ್ಕೆ 48ರ ಕಾಲು ಭಾಗ ಸೇರಿಸಿ 62.

ಹೀಗೆ ಒಂದೇ ಹೆಂಗಸಿಗೆ ಮೂರು ತೂಕ: 98, 62, 50. ಯಾವುದು ಎಲ್ಲಿಗೆ?

ನಾನು ಕಲಿಯಲು ಇಷ್ಟು ವರ್ಷ ತೆಗೆದುಕೊಂಡ ವಿಷಯ ಇದು. ಪ್ರತಿ ಸೂತ್ರಕ್ಕೂ ಅದರದ್ದೇ ತೂಕ ಇದೆ, ಕಡಿತವನ್ನು ಒಂದೇ ಸಲ ಮಾಡಬೇಕು. ಅಮೆರಿಕದ ಐಸಿಯು ಗೈಡ್‌ಲೈನ್ 2016ರಲ್ಲಿ ಬಿಎಂಐ 30ರಿಂದ 50ರವರೆಗೆ ಕಿಲೋಗೆ 11ರಿಂದ 14 ಕ್ಯಾಲರಿ ಅಂದಿತು. ಅದು ಪೂರ್ತಿ ತೂಕಕ್ಕೆ. 11-14 ಅನ್ನೋ ಸಣ್ಣ ಅಂಕಿಯಲ್ಲೇ ಕಡಿತ ಸೇರಿಕೊಂಡಿದೆ. ಅದಕ್ಕೆ ಅಡ್ಜಸ್ಟೆಡ್ ತೂಕ ಹಾಕಿದರೆ 62 ಇಂಟು 12, 744 ಕ್ಯಾಲರಿ. ಅದೇ ನಿಜವಾದ ಉಪವಾಸ! ಕಿಲೋಗೆ 20-25 ಅನ್ನುವ ಯುರೋಪಿನ ಲೆಕ್ಕ ಹಿಡಿದರೆ ಮಾತ್ರ ಅಡ್ಜಸ್ಟೆಡ್ ತೂಕ ಬೇಕು. ಬಿಎಂಐ 50 ದಾಟಿದರೆ ಅಮೆರಿಕದ ಲೆಕ್ಕವೂ ಬದಲಾಗುತ್ತದೆ, ಐಡಿಯಲ್ ತೂಕಕ್ಕೆ 22-25. ಅಂಕಿಯನ್ನು ಒಂದು ಕಡೆಯಿಂದ, ತೂಕವನ್ನು ಇನ್ನೊಂದು ಕಡೆಯಿಂದ ತಂದು ಕೂಡಿಸಿದಾಗಲೇ ಎಡವಟ್ಟು.

ಸುಮ್ಮನೆ ಮಲಗಿದ್ದರೂ ಮೈ ದಿನಕ್ಕೆ ಎಷ್ಟು ಕ್ಯಾಲರಿ ಸುಡುತ್ತದೆ ಅಂತ ಅಂದಾಜಿಸುವ ಮಿಫ್ಲಿನ್ ಸೂತ್ರಕ್ಕೂ ನಾನು ಅಡ್ಜಸ್ಟೆಡ್ ತೂಕ ತುಂಬುತ್ತಿದ್ದೆ. ಅದೂ ತಪ್ಪು. 1990ರಲ್ಲಿ ಆ ಸೂತ್ರ ಮಾಡಿದಾಗ ಅಳೆದವರಲ್ಲಿ ಹೆಚ್ಚುಕಮ್ಮಿ ಅರ್ಧ ಜನ ದಪ್ಪ ಇದ್ದವರೇ, ಪೂರ್ತಿ ತೂಕವನ್ನೇ ಹಾಕಿದ್ದರು. ಈಕೆಗೆ ಪೂರ್ತಿ ತೂಕದಲ್ಲಿ 1,516 ಬರುತ್ತದೆ, ಅಡ್ಜಸ್ಟೆಡ್‌ನಲ್ಲಿ 1,156. ಸುಮ್ನೆ 360 ಕ್ಯಾಲರಿ ಮಾಯ.

ನಾನು 98 ಇಂಟು 12.5 ಹಿಡಿದೆ, 1,225. ಡಾಕ್ಟರು ಒಪ್ಪಲಿಲ್ಲ. ಆಗ ಮಿಫ್ಲಿನ್ ಅಂಕಿಗೆ ವೆಂಟಿಲೇಟರಿನ ಗಾಳಿಯನ್ನೂ ಜ್ವರವನ್ನೂ ಸೇರಿಸುವ ಪೆನ್ ಸ್ಟೇಟ್ ಸೂತ್ರ ತೆಗೆದೆ, ವೆಂಟಿಲೇಟರಿನ ಅಂಕಿ ತೋರಿಸಿದರೆ ಅವರು ನಂಬುತ್ತಾರೆ. ನಿಮಿಷಕ್ಕೆ 9 ಲೀಟರ್ ಗಾಳಿ, ದಿನದ ಹೆಚ್ಚಿನ ಜ್ವರ 38 ಡಿಗ್ರಿ.

```
1516×0.96 + 9×31 + 38×167 − 6212 = 1868
```

ಇದು ಆಕೆಯ ಮೈ ದಿನಕ್ಕೆ ಸುಡುವ ಕ್ಯಾಲರಿಯ ಅಂದಾಜು. ಅಳೆದ ಕ್ಯಾಲರಿ ಖರ್ಚಿನ 65-70 ಶೇಕಡಾ ಕೊಡಿ ಅನ್ನುತ್ತದೆ ಅಮೆರಿಕದ ಅದೇ ಗೈಡ್‌ಲೈನ್. ನಮ್ಮಲ್ಲಿ ಅಳೆಯುವ ಯಂತ್ರ ಇಲ್ಲ, ಅಂದಾಜಿಗೇ ಹಾಕಿದೆ. 1,214ರಿಂದ 1,308 ಬಂತು. ನನ್ನ 1,225 ಒಳಗೇ ಕೂತಿತು. ಡಾಕ್ಟರು ಏನೂ ಅನ್ನಲಿಲ್ಲ, ಸಹಿ ಹಾಕಿದರು. (ಅರವತ್ತು ದಾಟಿದ ದಪ್ಪ ರೋಗಿಗೆ ಈ ಸೂತ್ರದ ಅಂಕಿಗಳೇ ಬೇರೆ, ಇದನ್ನು ಹಾಗೇ ಎತ್ತಿ ಹಾಕಬೇಡಿ.)

ಕ್ಯಾಲರಿ ಇಳಿಸುವುದು ಅರ್ಧ ಕೆಲಸ. ಪ್ರೋಟೀನ್ ಏರಿಸದಿದ್ದರೆ ಲಾರಿ ಡ್ರೈವರ್ ಕಥೆಯೇ ಆಗುತ್ತದೆ. ಬಿಎಂಐ 40 ದಾಟಿದವರಿಗೆ ಐಡಿಯಲ್ ತೂಕದ ಕಿಲೋಗೆ ಎರಡೂವರೆ ಗ್ರಾಂ ತನಕ. 50 ಇಂಟು 2.5, ದಿನಕ್ಕೆ 125 ಗ್ರಾಂ. ಕಿಡ್ನಿ ಕೆಡುತ್ತದೆ ಅಂತ ಡಾಕ್ಟರು ಹೆದರಿದರು. ನಾನೂ ಸ್ವಲ್ಪ ಹೆದರಿದೆ, ಸುಳ್ಳು ಯಾಕೆ. ಹಳೆಯ ಅಭ್ಯಾಸದಂತೆ ಅಡ್ಜಸ್ಟೆಡ್ 62ಕ್ಕೆ 1.3ರಂತೆ 80 ಗ್ರಾಂನಿಂದ ಶುರು ಮಾಡಿದೆವು.

ಸಾಲುತ್ತದೋ ಇಲ್ಲವೋ ನೋಡಲು 24 ಗಂಟೆ ಮೂತ್ರ ಹಿಡಿಸಿದೆ. ಮೈಯಲ್ಲಿ ಕರಗಿದ ಪ್ರೋಟೀನಿನ ನೈಟ್ರೋಜನ್ ಹೆಚ್ಚಾಗಿ ಮೂತ್ರದಲ್ಲೇ ಹೋಗುತ್ತದೆ, ಹೋದದ್ದು ಒಳಗೆ ಬಂದದ್ದಕ್ಕಿಂತ ಜಾಸ್ತಿ ಇದ್ದರೆ ಅದೇ ಕೊರತೆ. ಮೊದಲ ಸಲ ರಾತ್ರಿ ಪಾಳಿಯವರು ಒಂದು ಬ್ಯಾಗ್ ಚೆಲ್ಲಿದರು. ಎರಡನೇ ಸಲ ರಿಪೋರ್ಟ್ ಬಂತು, ಲೆಕ್ಕ ಹಾಕಿದರೆ ನೈಟ್ರೋಜನ್ ದಿನಕ್ಕೆ 21 ಗ್ರಾಂ ಕೊರತೆ. ನಾನು ಬೆಚ್ಚಿಬಿದ್ದೆ. ರಾತ್ರಿಯೆಲ್ಲಾ ನಿದ್ದೆ ಇಲ್ಲ. ಬೆಳಿಗ್ಗೆ ಹೊಳೆಯಿತು: ಲ್ಯಾಬಿನವರು ಕೊಟ್ಟದ್ದು ಯೂರಿಯಾ, ಯೂರಿಯಾ ನೈಟ್ರೋಜನ್ ಅಲ್ಲ. 2.14ರಿಂದ ಭಾಗಿಸಬೇಕಿತ್ತು. 30 ಗ್ರಾಂ ಯೂರಿಯಾ ಅಂದರೆ 14 ಗ್ರಾಂ ನೈಟ್ರೋಜನ್. ಅದಕ್ಕೆ ಬೇರೆ ದಾರಿಯಲ್ಲಿ ಹೋಗುವ 4 ಸೇರಿಸಿ 18. 6.25 ಗ್ರಾಂ ಪ್ರೋಟೀನಿನಲ್ಲಿ ಒಂದು ಗ್ರಾಂ ನೈಟ್ರೋಜನ್, ಹಾಗಾಗಿ ಒಳಗೆ ಹೋದದ್ದು 80 ಭಾಗ 6.25, ಅಂದರೆ 12.8. ಕೊರತೆ ಐದು ಗ್ರಾಂ. ಗಾಬರಿ ಇಳಿಯಿತು, ಆದರೆ 80 ಸಾಲುವುದಿಲ್ಲ ಅಂತ ಕಾಗದದ ಮೇಲೆ ಬಂತು. ಡಾಕ್ಟರು 120ಕ್ಕೆ ಒಪ್ಪಿದರು.

ಇನ್ನು ಅಡುಗೆಮನೆ ಸಮಸ್ಯೆ. ಮಾಮೂಲಿ ಡಬ್ಬಿ ಫೀಡಿನಲ್ಲಿ ಸಾವಿರ ಕ್ಯಾಲರಿಗೆ 40 ಗ್ರಾಂ ಪ್ರೋಟೀನ್. ಅದರಲ್ಲೇ 120 ಮುಟ್ಟಬೇಕಾದರೆ ಮೂರು ಸಾವಿರ ಕ್ಯಾಲರಿ ಹೋಗುತ್ತದೆ. ದುಡ್ಡು ಉಳಿಸೋಣ ಅಂತ ಹಿಂದೊಮ್ಮೆ ಪುಟಾಣಿ ಹಿಟ್ಟು ನುಣ್ಣಗೆ ಬೀಸಿ, ಬಟ್ಟೆಯಲ್ಲಿ ಸೋಸಿ ಹಾಕಿ ನೋಡಿದ್ದೆ. ಬಿಸಿಗೆ ಗಂಜಿಯಾಗಿ ಟ್ಯೂಬ್ ಕಟ್ಟಿತು. ಸಿಸ್ಟರ್ ನನ್ನ ಜೊತೆ ಎರಡು ದಿನ ಮಾತಾಡಲಿಲ್ಲ. ಅದೂ ಅಲ್ಲದೆ ಪುಟಾಣಿಯಲ್ಲಿ ಪಿಷ್ಟವೇ ಜಾಸ್ತಿ, ಈ ಕೆಲಸಕ್ಕೆ ಬರುವುದಿಲ್ಲ. ಮೊಟ್ಟೆ ಬಿಳಿ ಬೇಯಿಸಿ ರುಬ್ಬಿದ್ದು ಪರವಾಗಿಲ್ಲ, ಆದರೆ ಒಂದಕ್ಕೆ ಮೂರೂವರೆ ಗ್ರಾಂ. ಎಷ್ಟು ಅಂತ ರುಬ್ಬುವುದು?

ಕೊನೆಗೆ ಹೀಗೆ ಮಾಡಿದೆ. ಹೈ ಪ್ರೋಟೀನ್ ಡಬ್ಬಿ ಫೀಡ್ 800 ಕ್ಯಾಲರಿಯಷ್ಟು, ಅದರಿಂದ ಸುಮಾರು 40 ಗ್ರಾಂ. ವೇ ಐಸೊಲೇಟ್ ಪುಡಿ ನೂರು ಗ್ರಾಂಗೆ ಸ್ವಲ್ಪ ಕಮ್ಮಿ, ಅದರಿಂದ 80 ಗ್ರಾಂ, 350 ಕ್ಯಾಲರಿ ಚಿಲ್ಲರೆ. ಒಟ್ಟು 1,150ರ ಮೇಲೆ. ಉಳಿದ ಎಪ್ಪತ್ತು ಕ್ಯಾಲರಿ ಬೇಕಂತಲೇ ಬಿಟ್ಟೆ, ಪ್ರೊಪೊಫಾಲ್ ಹನಿಯುತ್ತಿತ್ತು. ಅದು ನಿದ್ದೆ ಬರಿಸುವ, ಎಣ್ಣೆಯಲ್ಲಿ ಕಲಸಿದ ಔಷಧಿ, ಮಿಲಿಲೀಟರಿಗೆ 1.1 ಕ್ಯಾಲರಿ. ಗಂಟೆಗೆ 3 ಮಿಲಿ ಹೋದರೂ ದಿನಕ್ಕೆ 79. ಪುಡಿಯನ್ನು ಆರು ಫೀಡಿಗೆ ಹಂಚಿದೆ. ನೊರೆ ಬರದಂತೆ ಕಲಸುವುದು ಹೇಗೆ ಅಂತ ಮಾತ್ರ ಹೇಳಲ್ಲ, ಅದು ನನ್ನ ಅಡುಗೆಯವಳ ಗುಟ್ಟು.

ಖರ್ಚು ದಿನಕ್ಕೆ ಆರುನೂರರ ಹತ್ತಿರ, ನೆನಪಿನ ಮೇಲೆ ಹೇಳುತ್ತಿದ್ದೇನೆ. ಅರ್ಧ ವೇ ಪುಡಿಗೇ. ಮಗ ಜೀನ್ಸ್ ಹೊಲಿಯುವ ಯೂನಿಟ್ಟಿನಲ್ಲಿ ಕೆಲಸ. "ಫೀಡ್ ಕಮ್ಮಿ ಮಾಡೀರಿ, ಬಿಲ್ ಯಾಕ್ ಹೆಚ್ಚಾತ್ರಿ ಮೇಡಂ? ಅವ್ವ ಸೊರಗ್ಯಾಳ್ರಿ" ಅಂದ. ನ್ಯಾಯದ ಪ್ರಶ್ನೆಯೇ. ಹಿಂದಿನ ದಿನಗಳ ಡಬ್ಬಿ ಲೆಕ್ಕ ತೋರಿಸಿದೆ. 2,450 ಕ್ಯಾಲರಿಗೆ ದಿನಕ್ಕೆ ಒಂದು ಡಬ್ಬಿ ಮೀರಿ ಹೋಗುತ್ತಿತ್ತು, ಅದೂ ಎಂಟುನೂರರ ಮೇಲೆ. ಬಿಲ್ ಹೆಚ್ಚಾದದ್ದು ಬೇರೆ ಔಷಧಿಯಿಂದ. ಅವನು ಸುಮ್ಮನಾದ.

ಮೂರ್ನಾಲ್ಕು ದಿನದಲ್ಲಿ ಇನ್ಸುಲಿನ್ ಗಂಟೆಗೆ 2-3 ಯೂನಿಟ್ಟಿಗೆ ಇಳಿಯಿತು. ಜ್ವರವೂ ಇಳಿಯುತ್ತಿತ್ತು, ಪೂರ್ತಿ ಶ್ರೇಯ ನನ್ನದಲ್ಲ. ಆದರೆ ಫೀಡ್ ಬದಲಿಸಿದ ಮರುದಿನವೇ ಸಕ್ಕರೆ ಇಳಿದದ್ದು ಚಾರ್ಟಿನಲ್ಲಿದೆ. ಇನ್ನೊಂದು ಸಲ ಮೂತ್ರ ಹಿಡಿಸಿದಾಗ ನೈಟ್ರೋಜನ್ ಕೊರತೆ ಒಂದೂವರೆ ಗ್ರಾಂ. ರಕ್ತದ ಯೂರಿಯಾ 60ರ ತನಕ ಏರಿತು, ಕಿಡ್ನಿ ಕೆಟ್ಟರೆ ಏರುವ ಕ್ರಿಯಾಟಿನಿನ್ ಅಲುಗಲಿಲ್ಲ. ಬರೀ ಯೂರಿಯಾ ಏರಿದರೆ ನಾನು ಹೆದರುವುದಿಲ್ಲ. ಎರಡೂ ಏರಿದರೆ ಅದೇ ದಿನ ಪ್ರೋಟೀನ್ ಇಳಿಸುತ್ತೇನೆ. 2023ರಲ್ಲಿ ಬಂದ ದೊಡ್ಡ ಪ್ರಯೋಗದಲ್ಲಿ ಕಿಡ್ನಿ ಪೆಟ್ಟು ತಿಂದ ಐಸಿಯು ರೋಗಿಗಳಿಗೆ ಹೆಚ್ಚು ಪ್ರೋಟೀನ್ ತೊಂದರೆ ಮಾಡಿರುವಂತೆ ಕಂಡಿತು. ಈಕೆಯ ಕಿಡ್ನಿ ಮೊದಲ ದಿನದಿಂದ ಚೆನ್ನಾಗಿತ್ತು, ಅದಕ್ಕೇ ಧೈರ್ಯ ಮಾಡಿದೆ. ಲಿವರ್ ಕೆಟ್ಟು ಮಂಪರು ಬಂದವರಿಗೂ ಈ ಲೆಕ್ಕ ಬೇಡ.

ಹನ್ನೊಂದನೇ ದಿನವೋ ಹನ್ನೆರಡನೇ ದಿನವೋ ವೆಂಟಿಲೇಟರಿನ ಟ್ಯೂಬ್ ತೆಗೆದರು. ವಾರ್ಡಿಗೆ ಬಂದಮೇಲೆ 12.5 ಬಿಟ್ಟು ಮಿಫ್ಲಿನ್, ಪೂರ್ತಿ ತೂಕ. ಕಡಿತ ಐಸಿಯುಗೆ ಮಾತ್ರ. ಎದ್ದು ಓಡಾಡಬೇಕಾದವರಿಗೆ 1,200 ಸಾಲುವುದಿಲ್ಲ. ಆಕೆ ಮೊದಲು ಕೇಳಿದ್ದು ಒಗ್ಗರಣೆ ಮಂಡಕ್ಕಿ ಮತ್ತು ಮಿರ್ಚಿ. ಮಂಡಕ್ಕಿ ಒಂದು ಬಟ್ಟಲು ಕೊಟ್ಟೆ, ಮಿರ್ಚಿ ಕೊಡಲಿಲ್ಲ. ನಕ್ಕಿದ್ದ ಡಾಕ್ಟರು ಈಗ ದಪ್ಪ ರೋಗಿ ಬಂದರೆ ಮೊದಲು "ಮೇಡಂ, ಟೇಪ್ ತಗೊಂಡು ಬರ್ರಿ" ಅನ್ನುತ್ತಾರೆ. ಐಸಿಯು ಡ್ರಾಯರಿನಲ್ಲಿಟ್ಟ ಟೇಪ್ ಎರಡು ಸಲ ಕಳೆದಿದೆ. ಮೂರನೆಯದು ನನ್ನ ಕೈಚೀಲದಲ್ಲೇ ಇದೆ.