ಫೋಟೋ ಇಲ್ಲದೆ ಸೋಫಾ ಅಳತೆ ನೋಡಿದ್ದು

ನಾನು ದಾವಣಗೆರೆಯಲ್ಲಿ ಸೋಫಾ ಮಾಡಿ ಮಾರುತ್ತೇನೆ. ಚಿತ್ರದುರ್ಗದಿಂದ ಒಬ್ಬ ಮೇಡಂ ಫೋನ್ ಮಾಡಿದ್ದರು. ಏಳು ಅಡಿ ಸೋಫಾ ಇಷ್ಟವಾಗಿದೆ, ಹಾಲ್‌ನಲ್ಲಿ ಕೂರುತ್ತಾ ಅಂತ ಗೊತ್ತಾಗಬೇಕು. ಫೋಟೋ ಮಾತ್ರ ಬರಲೇ ಇಲ್ಲ.

"ಟೇಪು ತಗೊಳ್ರಿ ಮೇಡಂ, ಮುಂಬಾಗಿಲಿಗೆ ಬೆನ್ನು ಮಾಡಿ ನಿಲ್ರಿ" ಅಂದೆ. ನಾನು ಯಾವಾಗಲೂ ಹೀಗೇ ಶುರು ಮಾಡೋದು. ಇಲ್ಲದಿದ್ದರೆ ಅವರ ಎಡ ಯಾವುದು, ನನ್ನ ಎಡ ಯಾವುದು ಅಂತ ಅರ್ಧ ಗಂಟೆ ಹೋಗುತ್ತದೆ.

ಹಾಲ್ 10 ಅಡಿ ಅಗಲ, 12 ಅಡಿ ಉದ್ದ. ಸೋಫಾ ಎಡಗೋಡೆಗೆ ಹಾಕೋ ಆಸೆ. ಆ ಗೋಡೆಯನ್ನು ಬಾಗಿಲ ಕಡೆಯ ಮೂಲೆಯಿಂದ ತುಂಡು ತುಂಡಾಗಿ ಹೇಳಿಸಿದೆ. ಖಾಲಿ ಗೋಡೆ ಒಂದೂವರೆ ಅಡಿ, ಕಿಟಕಿ 4 ಅಡಿ, ಮತ್ತೆ ಖಾಲಿ 3 ಅಡಿ 3 ಇಂಚು, ಆಮೇಲೆ ರೂಮಿನ ಬಾಗಿಲು ಚೌಕಟ್ಟು ಸೇರಿ 2 ಅಡಿ 9 ಇಂಚು. ಕೂಡಿದರೆ ಹನ್ನೊಂದೂವರೆ. ಅರ್ಧ ಅಡಿ ಎಲ್ಲಿ? ರೂಮಿನ ಬಾಗಿಲ ಆಚೆ ಮೂಲೆಯಲ್ಲಿ ಸಣ್ಣ ಗೋಡೆ ಉಳಿದಿತ್ತು. ತುಂಡುಗಳ ಮೊತ್ತ ಪೂರ್ತಿ ಗೋಡೆಗೆ ಸರಿಹೋಗುವವರೆಗೆ ನಾನು ಮುಂದಕ್ಕೆ ಹೋಗೋದಿಲ್ಲ.

ರೂಮಿನ ಬಾಗಿಲವರೆಗೆ 8 ಅಡಿ 9 ಇಂಚು ಜಾಗ. ಏಳು ಅಡಿ ಸೋಫಾ ಆರಾಮಾಗಿ ಕೂರುತ್ತೆ ಅನಿಸುತ್ತೆ, ಅಲ್ವಾ? "ಮುಂಬಾಗಿಲು ತೆಗೆದರೆ ಕದ ಯಾವ ಕಡೆ ಬರುತ್ತೆ?" ಅಂತ ಕೇಳಿದೆ. ಒಳಗೆ, ಎಡಗೋಡೆಗೇ ಹೋಗಿ ಒರಗುತ್ತೆ ಅಂದರು. ಕದ 3 ಅಡಿ. ಅಷ್ಟು ಜಾಗ ಅದಕ್ಕೇ ಬಿಡಬೇಕು. ಉಳಿದದ್ದು 5 ಅಡಿ 9 ಇಂಚು. ಫೋಟೋ ಬಂದಿದ್ದರೂ ಬಾಗಿಲು ಮುಚ್ಚಿ ತೆಗೆದಿರುತ್ತಿದ್ದರು, ಇದು ಕಾಣುತ್ತಿರಲಿಲ್ಲ.

ಬಲಗೋಡೆಯಲ್ಲಿ ಬಾಗಿಲು, ಕಿಟಕಿ ಏನೂ ಇರಲಿಲ್ಲ, ಟಿವಿ ಮಾತ್ರ. 32 ಇಂಚಿನ ಟಿವಿ ಅಗಲದಲ್ಲಿ ಎರಡೂವರೆ ಅಡಿಯೂ ಇರೋದಿಲ್ಲ. ಎಡಗೋಡೆಯ ಆ 3 ಅಡಿ 3 ಇಂಚಿನ ತುಂಡಿಗೆ ಹೋಗುತ್ತೆ, ಅಲ್ಲೊಂದು ಪ್ಲಗ್ ಕೂಡ ಇತ್ತು. ಅದಲು ಬದಲು ಮಾಡ್ರಿ ಅಂದೆ. ಯಜಮಾನರನ್ನು ಕೇಳಿ ಒಪ್ಪಿದರು.

ಇನ್ನು ಸೋಫಾ ಒಳಗೆ ಹೋಗಬೇಕಲ್ಲ. ಚೌಕಟ್ಟಿನ ಒಳಗಿನ ಅಳತೆ 36 ಇಂಚು. ಆದರೆ ತೆರೆದ ಕದದ ದಪ್ಪವೂ ಆ ಸಂದಿಯಲ್ಲೇ ನಿಲ್ಲುತ್ತೆ. ಅದಕ್ಕೆ ಕದ ಪೂರ್ತಿ ತೆರೆದಿಟ್ಟು, ಕದದಿಂದ ಎದುರು ಚೌಕಟ್ಟಿಗೆ ಟೇಪು ಹಿಡಿಸಿದೆ. ಮೂವತ್ತನಾಲ್ಕೂವರೆ ಬಂತು. ಸೋಫಾದ ಆಳ 36 ಇಂಚು, ನೇರ ಹೋಗೋದಿಲ್ಲ. ಮಗ್ಗುಲಾಗಿಸಿದರೆ ಎತ್ತರ ಲೆಕ್ಕಕ್ಕೆ ಬರುತ್ತೆ, ಅದು 34. ಅರ್ಧ ಇಂಚಿನಲ್ಲಿ ಹಿಡಿದವರ ಬೆರಳು ಚೌಕಟ್ಟಿಗೆ ಉಜ್ಜುತ್ತೆ. ಕಾಲು 4 ಇಂಚು ಇದ್ದವು. ಅಂಗಡಿಯಲ್ಲೇ ಬಿಚ್ಚಿ, ಸ್ಕ್ರೂಗಳನ್ನು ಕವರಿಗೆ ಹಾಕಿ ಸೀಟಿನ ಅಡಿಗೆ ಅಂಟಿಸಿ ಲಗೇಜ್ ಗಾಡಿಗೆ ಏರಿಸಿದೆ.