ಒಂದು ಪ್ಯಾರಾಸಿಟಮಾಲ್ ಮಾತ್ರೆಯ ಮಿಲಿಗ್ರಾಂ ಲೆಕ್ಕ: ಎ.ಡಿ.ಎಂ.ಇ. ನಾನು ಪಾಠ ಮಾಡೋ ರೀತಿ

ಔಷಧವನ್ನ ದೇಹ ಹೀರಿಕೊಳ್ಳೋದು, ಹರಡೋದು, ಬದಲಾಯಿಸೋದು, ಆಚೆ ಹಾಕೋದು, ಈ ನಾಲ್ಕೇ ಎ.ಡಿ.ಎಂ.ಇ., ಇದರ ಲೆಕ್ಕವೇ ಫಾರ್ಮಕೊಕೈನೆಟಿಕ್ಸ್. ಬಕೆಟ್ ಇಟ್ಕೊಂಡು ಅದನ್ನ ಪಾಠ ಮಾಡ್ತೀನಿ ಅಂದಾಗ ಸ್ಟಾಫ್ ರೂಮಲ್ಲಿ ನಕ್ಕೋರೇ ಜಾಸ್ತಿ, "ಸಿಲಬಸ್ ಮುಗಿಯುತ್ತಾ ಸರ್ ಇದ್ರಲ್ಲಿ" ಅಂತ. ಈಗ ಅದೇ ಬಕೆಟ್‌ನ ಪಕ್ಕದ ಸೆಕ್ಷನ್‌ನೋರು ಕೇಳಿ ಇಸ್ಕೊಂಡು ಹೋಗ್ತಾರೆ, ಅದಕ್ಕೇ ಬರೀತಿದೀನಿ.

ಮೊದಲು ನಾನೂ ಎಲ್ಲರ ಹಾಗೇ ಕಥೆ ಹೇಳ್ತಿದ್ದೆ, ಮಾತ್ರೆ ಪ್ರಯಾಣ ಹೊರಟಿತು, ಲಿವರ್ ಅನ್ನೋ ಟೋಲ್ ಗೇಟ್ ಬಂತು ಅಂತೆಲ್ಲಾ. ಹುಡುಗ್ರಿಗೆ ಮಜಾ ಬಂತು, ಇಂಟರ್ನಲ್ಸ್‌ನಲ್ಲಿ ಟೋಲ್ ಗೇಟ್ ಅಂತಾನೇ ಬರೆದ್ರು, ಲೆಕ್ಕ ಕೊಟ್ರೆ ಒಬ್ರಿಗೂ ಬರ್ಲಿಲ್ಲ. ಥರ್ಮಾಕೋಲ್ ಮಾಡೆಲ್, ಫ್ಲೆಕ್ಸ್ ಚಾರ್ಟ್ ಅಂತ ಕೈಯಿಂದ ಹತ್ತಿರತ್ತಿರ ನಾಲ್ಕು ಸಾವಿರ ಹೋಯ್ತು, ಫ್ಲೆಕ್ಸ್ ಈಗ ಸ್ಟೋರ್ ರೂಮಲ್ಲಿ ಧೂಳು ಬೀಳದ ಹಾಗೆ ಹೊದಿಸೋಕೆ ಬಳಕೆ ಆಗ್ತಿದೆ.

ಕೆಲಸಕ್ಕೆ ಬಂದಿದ್ದು ಲೆಕ್ಕದ ನೋಟ್‌ಬುಕ್. 60 ಕೆಜಿ ಮನುಷ್ಯ, ಪ್ಯಾರಾಸಿಟಮಾಲ್ 650 ಒಂದು ಮಾತ್ರೆ. ಪ್ರತಿ ಹಂತದಲ್ಲೂ ಎಷ್ಟು ಮಿಲಿಗ್ರಾಂ ಎಲ್ಲಿದೆ ಅಂತ ಬರೀಬೇಕು, ಕೊನೆಗೆ ಹೆಚ್ಚುಕಮ್ಮಿ 650ಕ್ಕೆ ಟ್ಯಾಲಿ ಆಗ್ಬೇಕು. ಇಷ್ಟೇ ರೂಲ್.

ಮೊದಲ ಜಗಳ ಹೊಟ್ಟೆಯಲ್ಲೇ ಶುರು. "ಆಸಿಡಿಕ್ ಡ್ರಗ್ ಸರ್, ಸ್ಟಮಕ್‌ನಲ್ಲಿ ಅಬ್ಸಾರ್ಬ್ ಆಗುತ್ತೆ" ಅಂತ ಬಾಯಿಪಾಠ ಒಪ್ಪಿಸ್ತಾರೆ. ಪಿಕೆಎ, ಅಂದ್ರೆ ಔಷಧ ಅರ್ಧಕ್ಕರ್ಧ ಅಯಾನೈಸ್ ಆಗೋ ಪಿ.ಎಚ್., ಅದನ್ನ ನೋಡ್ರಪ್ಪಾ ಅಂತೀನಿ, 9.5 ಇದೆ, ಅಂದ್ರೆ ಹೊಟ್ಟೆಯಲ್ಲೂ ಅಯಾನೈಸ್ ಆಗಲ್ಲ, ಸಣ್ಣ ಕರುಳಲ್ಲೂ ಹೆಚ್ಚುಕಮ್ಮಿ ಆಗಲ್ಲ, ಆದ್ರೂ ಹೀರಿಕೊಳ್ಳೋದು ಮುಖ್ಯವಾಗಿ ಕರುಳೇ, ಯಾಕಂದ್ರೆ ವಿಲ್ಲೈ ಅನ್ನೋ ಸಣ್ಣ ಬೆರಳಿನಂಥ ಚಾಚುಗಳಿಂದ ಅಲ್ಲಿ ಸಿಗೋ ಜಾಗವೇ ಅಷ್ಟು ದೊಡ್ಡದು. ಹಾಗಾಗಿ ಮಾತ್ರೆ ಎಷ್ಟು ಬೇಗ ಕೆಲಸ ಮಾಡುತ್ತೆ ಅನ್ನೋದು ಹೊಟ್ಟೆ ಎಷ್ಟು ಬೇಗ ಖಾಲಿ ಆಗುತ್ತೆ ಅನ್ನೋದ್ರ ಮೇಲೆ ನಿಂತಿದೆ. 1973ರಲ್ಲೇ ಇದನ್ನ ತೋರಿಸಿದ್ದಾರೆ, ಹೊಟ್ಟೆ ಬೇಗ ಖಾಲಿ ಮಾಡೋ ಮೆಟೊಕ್ಲೋಪ್ರಮೈಡ್ ಕೊಟ್ರೆ ಪ್ಯಾರಾಸಿಟಮಾಲ್ ರಕ್ತಕ್ಕೆ ಬೇಗ ಬರುತ್ತೆ, ಅದನ್ನ ನಿಧಾನ ಮಾಡೋ ಪ್ರೊಪ್ಯಾಂಥಲಿನ್ ಕೊಟ್ರೆ ತಡ ಆಗುತ್ತೆ. ತಡ ಆಯ್ತು ಅಂತ ಒಟ್ಟು ಸೇರೋದು ಅಷ್ಟೇನೂ ಕಮ್ಮಿ ಆಗಲ್ಲ. ಊಟದ ಮೇಲೆ ನುಂಗಿದೋನಿಗೆ ಜ್ವರ ಇಳಿಯೋದು ತಡ ಯಾಕೆ ಅನ್ನೋದಕ್ಕೆ ಬೇರೆ ಥಿಯರಿ ಬೇಡ.

ಹೀರಿಕೊಂಡಿದ್ದು ಪೋರ್ಟಲ್ ವೇನ್, ಲಿವರ್ ದಾಟಿ ಬರೋಷ್ಟರಲ್ಲಿ ಫಸ್ಟ್ ಪಾಸ್‌ನಲ್ಲಿ, ಅಂದ್ರೆ ಇಡೀ ದೇಹದ ರಕ್ತಕ್ಕೆ ಸೇರೋ ಮೊದಲೇ, ಸುಮಾರು ಐದರಲ್ಲಿ ಒಂದು ಭಾಗ ಹೋಗುತ್ತೆ. ಉಳಿದಿದ್ದು 520. ಆ 130ನ್ನ ಹುಡುಗ್ರು "ಲಾಸ್" ಅಂತ ಬರೆದು ಅಡ್ಡಗೆರೆ ಹಾಕ್ತಾರೆ, ಹಾಕ್ಲಿ, ನಾನು ಆಗ ಏನೂ ಹೇಳಲ್ಲ.

ಈಗ ಬಕೆಟ್, ಔಷಧ ದೇಹದಲ್ಲಿ ಎಷ್ಟು ಲೀಟರಿಗೆ ಹರಡಿದ ಹಾಗೆ ಕಾಣುತ್ತೆ ಅನ್ನೋ ವಿ.ಡಿ. ಅಂದ್ರೆ ವಾಲ್ಯೂಮ್ ಆಫ್ ಡಿಸ್ಟ್ರಿಬ್ಯೂಷನ್‌ಗೆ. 5 ಲೀಟರ್ ನೀರಿಗೆ 20 ಮಿಲಿಗ್ರಾಂ ಮಿಥಿಲೀನ್ ಬ್ಲೂ, ಕಲರಿಮೀಟರ್‌ನಲ್ಲಿ ಕೆಂಪು ಫಿಲ್ಟರ್ ಹಾಕಿ ನೋಡಿದ್ರೆ ಲೀಟರಿಗೆ 4 ಮಿಲಿಗ್ರಾಂ. ಡೋಸ್ ಭಾಗಿಸು ಕಾನ್ಸಂಟ್ರೇಶನ್, 5 ಲೀಟರ್, ಎಲ್ಲರಿಗೂ ಖುಷಿ. ಆಮೇಲೆ ಆಕ್ಟಿವೇಟೆಡ್ ಚಾರ್ಕೋಲ್ ಹಾಕಿ ಕಲಕ್ತಾ ಇರೋದು, ಅರ್ಧ ಗಂಟೆ ಆದ್ಮೇಲೆ ರೀಡಿಂಗ್ ಲೀಟರಿಗೆ 1 ಮಿಲಿಗ್ರಾಂಗೆ ಇಳಿಯುತ್ತೆ. ಅದೇ ಲೆಕ್ಕ ಹಾಕಿದ್ರೆ 20 ಲೀಟರ್! ಬಕೆಟ್ ಇರೋದೇ 5 ಲೀಟರಿಂದು. ಎರಡು ನಿಮಿಷ ಕ್ಲಾಸ್ ಗಲಾಟೆ. ಆಮೇಲೆ ಹೃದಯದ ಔಷಧ ಡಿಗಾಕ್ಸಿನ್‌ದು ಒಬ್ಬ ಮನುಷ್ಯನಲ್ಲಿ ಸುಮಾರು 500 ಲೀಟರ್ ಅಂದ್ರೆ ಯಾರೂ ಬಾಯಿ ಬಿಡಲ್ಲ, ಔಷಧ ಟಿಶ್ಯೂಗೆ ಅಂಟಿಕೊಂಡು ಕೂತಿದೆ ಅಂತ ಅವರೇ ಹೇಳ್ತಾರೆ.

ಇದು ಸುಲಭಕ್ಕೆ ಬರ್ಲಿಲ್ಲ. ಮೊದಲ ಸಲ ಒಂದು ಚಮಚ ಚಾರ್ಕೋಲ್ ಸುರಿದು ನೀರು ಕುಡಿಯೋ ನೀರಿನ ಹಾಗೆ ತಿಳಿಯಾಯ್ತು, ರೀಡಿಂಗ್ ಸೊನ್ನೆ, ಹಿಂದಿನ ಬೆಂಚಿಂದ "ಸರ್, ವಿ.ಡಿ. ಇನ್ಫಿನಿಟಿ" ಅಂತ ಕೂಗು. ಬೇಕಾಗೋದು ಚಿಟಿಕೆಗಿಂತಲೂ ಕಮ್ಮಿ. ಸರಿಯಾಗಿ ಎಷ್ಟು ಅಂತ ಮಾತ್ರ ಹೇಳಲ್ಲ, ನಿಮ್ಮ ಚಾರ್ಕೋಲಿಗೆ ನೀವೇ ತೂಗಿ ನೋಡ್ಕೊಳ್ಳಿ, ಬ್ರ್ಯಾಂಡ್ ಬದಲಾದ್ರೆ ಅದೂ ಬದಲಾಗುತ್ತೆ. ಇನ್ನೊಂದು, ಕರಿಪುಡಿ ತೇಲ್ತಿರುವಾಗ ರೀಡಿಂಗ್ ತಗೊಂಡ್ರೆ ಜಾಸ್ತಿ ತೋರಿಸುತ್ತೆ, ಸೋಸಬೇಕು, ಆದ್ರೆ ಫಿಲ್ಟರ್ ಪೇಪರೂ ಬಣ್ಣ ಕುಡಿಯುತ್ತೆ. ಮೊದಲು ಸೋಸಿ ಬಂದ ಸ್ವಲ್ಪ ನೀರನ್ನ ಚೆಲ್ಲಿ ಆಮೇಲಿಂದು ತಗೊಳ್ಳಿ. ಡೋಸ್ ಹೆಚ್ಚಿಸಿದ್ರೆ ಚಾರ್ಕೋಲ್ ತುಂಬಿಹೋಗಿ ವಾಲ್ಯೂಮ್ ಬದಲಾಗುತ್ತೆ ಅನ್ನೋದೂ ಗೊತ್ತಿರ್ಲಿ, ಜಾಣ ಹುಡುಗಿ ಯಾರಾದ್ರೂ ಕೇಳೇ ಕೇಳ್ತಾಳೆ.

ಚಾರ್ಕೋಲ್ ಇಲ್ಲದ ಇನ್ನೊಂದು ಬಕೆಟಲ್ಲಿ ಹಾಫ್ ಲೈಫ್, ಅಂದ್ರೆ ಔಷಧ ಅರ್ಧಕ್ಕೆ ಇಳಿಯೋಕೆ ಹಿಡಿಯೋ ಹೊತ್ತು. ಒಂದು ಲೀಟರ್ ಜಗ್‌ನಲ್ಲಿ ನೀರು ತೆಗೆದು ಅಷ್ಟೇ ಶುದ್ಧ ನೀರು ಹುಯ್ಯೋದು, 4 ಇದ್ದಿದ್ದು 3.2, 2.56, ಮೂರನೇ ಜಗ್‌ಗೆ 2ರ ಹತ್ತಿರ. ಪ್ರತಿ ಸಲ ತೆಗೆಯೋ ನೀರು ಅಷ್ಟೇ, ಆಚೆ ಹೋಗೋ ಔಷಧ ಮಾತ್ರ ಕಮ್ಮಿ ಆಗ್ತಾ ಹೋಗುತ್ತೆ. ಕ್ಲಿಯರೆನ್ಸ್ ಅಂದ್ರೆ ಇಷ್ಟು ಹೊತ್ತಿಗೆ ಇಷ್ಟು ಮಿಲಿಗ್ರಾಂ ಅಲ್ಲ, ಇಷ್ಟು ಲೀಟರ್ ಶುದ್ಧ ಆಗೋದು ಅನ್ನೋದು ಆ ಜಗ್ ಹಿಡಿದ ಕೈಗೆ ಅರ್ಥ ಆಗ್ಬಿಡುತ್ತೆ. ಮಿಥಿಲೀನ್ ಬ್ಲೂ ಬಾಟಲ್ ತಂದಾಗ ಮುನ್ನೂರು ಚಿಲ್ಲರೆ ಇತ್ತೇನೋ, ವರ್ಷಗಳಾದ್ರೂ ಮುಗಿದಿಲ್ಲ.

ವಾಪಸ್ ನೋಟ್‌ಬುಕ್‌ಗೆ. ಪ್ಯಾರಾಸಿಟಮಾಲ್‌ದು ವಿ.ಡಿ. ಸುಮಾರು 55 ಲೀಟರ್ ಹಿಡಿದ್ರೆ 520 ಭಾಗಿಸು 55, ಲೀಟರಿಗೆ 9.5 ಮಿಲಿಗ್ರಾಂ. ನಿಜವಾದ ಪೀಕ್ ಇದಕ್ಕಿಂತ ಸ್ವಲ್ಪ ಕೆಳಗೇ ಇರುತ್ತೆ, ಹೀರಿಕೊಳ್ತಿರುವಾಗಲೇ ಆಚೆ ಹೋಗೋದೂ ಶುರುವಾಗಿರುತ್ತಲ್ಲ. ಹಾಫ್ ಲೈಫ್ ಎರಡೂವರೆ ಗಂಟೆ ಅಂದ್ಕೊಳ್ಳಿ, ಹತ್ತು ಗಂಟೆಗೆ ಹದಿನಾರರಲ್ಲಿ ಒಂದು ಪಾಲು.

ಕೊನೆಗೆ ಯೂರಿನ್. ಔಷಧಕ್ಕೆ ಬೇರೆ ಅಣು ಅಂಟಿಸಿ ದೇಹ ಆಚೆ ಕಳಿಸೋ ರೂಪಗಳೇ ಕಾಂಜುಗೇಟ್. ಗ್ಲುಕುರೊನೈಡ್ ಆಗಿ ಸುಮಾರು 360, ಸಲ್ಫೇಟ್ ಆಗಿ 200, ಸಿಸ್ಟೀನ್ ಮತ್ತೆ ಮರ್ಕ್ಯಾಪ್ಚುರೇಟ್ ರೂಪದಲ್ಲಿ 50ರಷ್ಟು, ಹಾಗೇ ಬದಲಾಗದೆ ಬರೋದು 25. ಕೂಡಿಸಿದ್ರೆ 635. ಆಗ ಬೀಳುತ್ತೆ ನೋಡಿ ಪಟ್ಟು: "ಸರ್, ರಕ್ತಕ್ಕೆ ಬಂದಿದ್ದೇ 520, 635 ಎಲ್ಲಿಂದ ಬಂತು?" ಅಡ್ಡಗೆರೆ ಹಾಕಿದ್ರಲ್ಲ ಆ 130, ಅದು ಎಲ್ಲೂ ಮಾಯ ಆಗಿರ್ಲಿಲ್ಲ, ಕಾಂಜುಗೇಟ್ ಆಗಿ ಕಿಡ್ನಿಗೇ ಬಂದಿದೆ. ಫಸ್ಟ್ ಪಾಸ್ ಅಂದ್ರೆ ಏನು ಅಂತ ನಾನು ಮತ್ತೆ ಹೇಳಿದ್ದೇ ಇಲ್ಲ. ಒಬ್ಬ ಇನ್ನೂ ಮುಂದೆ ಹೋಗಿ, ಪ್ಯಾರಾಸಿಟಮಾಲ್ ಮಾಲಿಕ್ಯುಲರ್ ವೇಟ್ 151, ಗ್ಲುಕುರೊನೈಡ್‌ದು 327, ನಿಜಕ್ಕೂ ತೂಗಿದ್ರೆ 650 ದಾಟುತ್ತಲ್ಲ ಸರ್ ಅಂದ. ಹೌದಪ್ಪಾ, ಅದಕ್ಕೇ ಎಲ್ಲಾನೂ ಪ್ಯಾರಾಸಿಟಮಾಲ್ ಲೆಕ್ಕಕ್ಕೆ ತಂದು ಬರೀತೀವಿ ಅಂದೆ.

ಮಧ್ಯೆ ಒಂದು ಸೈಡ್ ಪ್ರಯೋಗ. ಬಿ-ಕಾಂಪ್ಲೆಕ್ಸ್ ನಾನೇ ನುಂಗಿ, ಗಂಟೆಗೊಂದು ಯೂರಿನ್ ಸ್ಯಾಂಪಲ್ ಹಿಡಿದು ಲ್ಯಾಬ್‌ನ ಯು.ವಿ. ಕ್ಯಾಬಿನೆಟ್‌ನಲ್ಲಿಟ್ಟು ಅದರಲ್ಲಿರೋ ರೈಬೋಫ್ಲೇವಿನ್ ಹೊಳೆಯೋದು ತೋರಿಸಿದೆ. ಅಟೆಂಡರ್ ಮುಖ ಸಿಂಡರಿಸಿದ್ರು. ಆದ್ರೆ ಚೆಂದದ ವಿಷಯ, ಪ್ಯಾರಾಸಿಟಮಾಲ್‌ಗೆ ಊಟ ಅಡ್ಡಿ, ರೈಬೋಫ್ಲೇವಿನ್‌ಗೆ ಊಟ ಒಳ್ಳೇದು, ಅದನ್ನ ಸಾಗಿಸೋ ಟ್ರಾನ್ಸ್‌ಪೋರ್ಟರ್ ಬೇಗ ತುಂಬಿಹೋಗೋದ್ರಿಂದ ನಿಧಾನಕ್ಕೆ ಬಂದಷ್ಟೂ ಹೆಚ್ಚು ಹೀರುತ್ತೆ.

ಕೊನೇ ಕ್ಲಾಸಲ್ಲಿ ಅದೇ ನೋಟ್‌ಬುಕ್‌ನಲ್ಲಿ 16 ಮಾತ್ರೆ, 10 ಗ್ರಾಂ ಮೇಲೆ. ಹುಡುಗ್ರು ಸುಮ್ನೆ ಎಲ್ಲಾನೂ 16ರಿಂದ ಗುಣಿಸ್ತಾರೆ. ಸಲ್ಫೇಟ್ ದಾರಿ ಅಷ್ಟು ಹಿಗ್ಗಲ್ಲ, ಅದು ತುಂಬಿಹೋದ್ಮೇಲೆ ಆ ಸಣ್ಣ 50ರ ದಾರಿಯಲ್ಲಿ ಅಂದ್ರೆ ಸಿಪ್ 2ಇ1 ಅನ್ನೋ ಲಿವರ್ ಎಂಜೈಮ್ ಕಡೆ ಹೋಗೋ ಪಾಲು ಹೆಚ್ಚುತ್ತೆ, ಅದು ಮಾಡೋ ನಾಪ್ಕಿ ಅನ್ನೋ ವಿಷ ಉಕ್ಕುತ್ತೆ, ಆ ವಿಷ ಕಟ್ಟಿಹಾಕೋ ಗ್ಲುಟಥಯೋನ್ ಬರಿದಾಗುತ್ತೆ. ಗ್ಲುಟಥಯೋನ್ ಮತ್ತೆ ತುಂಬಿಸೋ ಎನ್-ಅಸಿಟೈಲ್‌ಸಿಸ್ಟೀನ್ ಯಾಕೆ ಬೇಗ ಕೊಡ್ಬೇಕು ಅಂತ ಕೇಳಿದ್ರೆ ಆ ಕಾಲಂಗೇ ಬೆರಳಿಡ್ತಾರೆ.

ಬಕೆಟ್ ಬಿಳೀದು ತಗೋಬೇಡಿ, ಮಿಥಿಲೀನ್ ಬ್ಲೂ ಕಲೆ ಹೋಗಲ್ಲ. ಗ್ಲೌಸ್ ಹಾಕ್ಸಿ, ಇಲ್ಲಾಂದ್ರೆ ಎರಡು ದಿನ ಕ್ಲಾಸಿಗೆ ಕ್ಲಾಸೇ ನೀಲಿ ಕೈ ಇಟ್ಕೊಂಡು ಕಾರಿಡಾರಲ್ಲಿ ಓಡಾಡುತ್ತೆ, ಪ್ರಿನ್ಸಿಪಾಲ್ ಕರೆಸೋದು ನಿಮ್ಮನ್ನೇ.